ರೆಕಾರ್ಡಿಂಗಿನಿಂದ ಒಂದು ಹಾಳೆಗೆ: ಮೂರು ಊರಿನ ಓದುಗ ಬಳಗಗಳಿಗೆ ಬಹಿರಂಗ ಪತ್ರ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಓದುಗ ಬಳಗಗಳ ಹಿರಿಯರೆ, ಅಕ್ಕಂದಿರೆ, ಗೆಳೆಯರೆ,



ಲೇಖಕರು ನಮ್ಮ ಮೂರು ಊರಿನಲ್ಲಿ ಒಂದೂರಿಗೆ ಬಂದರೆ ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಉಳಿದೆರಡು ಊರಿನವರಿಗೆ ಒಂದು ಹಾಳೆ ಟಿಪ್ಪಣಿ ಕಳಿಸುವ ಪದ್ಧತಿ ನಿಮ್ಮಲ್ಲಿ ಈಗ ಕುದುರಿದೆ. ಹಾಳೆಯ ಒಂದು ಮಗ್ಗುಲಿಗೆ ಲೇಖಕರ ಮುಖ್ಯ ವಿಚಾರಗಳು, ಇನ್ನೊಂದು ಮಗ್ಗುಲಿಗೆ ಚರ್ಚೆಯ ಪ್ರಶ್ನೆಗಳು. ಪೂರ್ತಿ ರೆಕಾರ್ಡಿಂಗ್ ಕೇಳಲು ಎಲ್ಲರಿಗೂ ಪುರಸೊತ್ತಿಲ್ಲ. ಮೆಣಸಿನಕಾಯಿ ಸೀಜನ್ನಿನಲ್ಲಿ ಬ್ಯಾಡಗಿಯವರಿಗಂತೂ ಒಂದೂವರೆ ತಾಸು ಕೂತು ಕೇಳಿ ಎನ್ನುವುದೇ ತಪ್ಪು. ಹಾಗಾಗಿ ಹಾಳೆ ಬೇಕು.

ಆದರೆ ಮೂರೂ ಕಡೆಯಿಂದ ಬಂದ ಹಾಳೆಗಳನ್ನು ಓದಿದ ಮೇಲೆ ಒಂದು ವಿಷಯ ಬರೆದು ತಿಳಿಸುವುದು ಒಳ್ಳೆಯದೆನಿಸಿತು. ಮಾತು ಸಣ್ಣದಾಗುವಾಗ ಅದರ ತೂಕ ಬದಲಾಗುತ್ತಿದೆ. ಲೇಖಕರು ಅನುಮಾನದಿಂದ ಹೇಳಿದ್ದು ಹಾಳೆಯಲ್ಲಿ ತೀರ್ಪಾಗುತ್ತದೆ. ಆ ತೀರ್ಪನ್ನು ಕೈಯಲ್ಲಿ ಹಿಡಿದು ಕೂತ ಬಳಗ ಪುಸ್ತಕ ತೆಗೆಯುವುದೇ ಇಲ್ಲ. ‘ಲೇಖಕರೇ ಹೀಗೆ ಹೇಳಿದಾರಲ್ಲ, ಇನ್ನೇನು’ ಎಂದು ಚಹಾಕ್ಕೆ ಏಳುತ್ತಾರೆ. ಇದಕ್ಕೆ ಕಾರಣ ಓದುಗರಲ್ಲ, ಹಾಳೆ.

ಒಂದು ಉದಾಹರಣೆಯನ್ನು ಹಿಡಿದು ಪೂರ್ತಿ ನೋಡೋಣ. ಜಿಲ್ಲೆಯ ಹಿರಿಯ ಕಥೆಗಾರರೊಬ್ಬರ ಜೊತೆ ರಾಣೆಬೆನ್ನೂರಿನಲ್ಲಿ ನಡೆದ ಮಾತುಕತೆ ನಿಮ್ಮಲ್ಲಿ ಹಲವರಿಗೆ ಗೊತ್ತು. ತಮ್ಮ ಹೆಸರನ್ನು ಪತ್ರದಲ್ಲಿ ತರುವುದು ಬೇಡ ಎಂದಿದ್ದಾರೆ, ತರುವುದಿಲ್ಲ. ನಾವು ಓದಿದ್ದು ಅವರ ಗೊಬ್ಬರದ ಪಾಳಿಯ ಕಥೆ. ಮುಂಗಾರು ಬಿತ್ತನೆಯ ಹೊತ್ತಿಗೆ ಡಿಎಪಿ ಸಿಗದೆ ಜನ ಅಂಗಡಿಯ ಮುಂದೆ ಬೆಳಗಿನ ಜಾವದಿಂದ ಪಾಳಿ ಹಚ್ಚಿ ನಿಲ್ಲುತ್ತಾರೆ. ಗಂಡನ ಬದಲಿಗೆ ಒಬ್ಬ ಹೆಣ್ಣುಮಗಳು ಬಂದಿದ್ದಾಳೆ. ತನ್ನ ಜಾಗಕ್ಕೆ ಚಪ್ಪಲಿ ಇಟ್ಟು ಮರದ ನೆರಳಿಗೆ ಹೋಗಿ ಕೂರುತ್ತಾಳೆ. ಚಪ್ಪಲಿಯನ್ನು ಯಾರೋ ಸರಿಸುತ್ತಾರೆ. ನಡುವೆ ಒಬ್ಬ ಪೊಲೀಸ್ ಬಂದು ಆಕೆಯ ಹತ್ತಿರ ಕುಡಿಯಲು ನೀರು ಕೇಳುತ್ತಾನೆ. ಅಂಗಡಿಯ ಬಾಗಿಲು ತೆರೆಯುವ ಮೊದಲೇ ಕಥೆ ಮುಗಿಯುತ್ತದೆ.

ನಮ್ಮ ಜಿಲ್ಲೆಯ ಯಾವ ಓದುಗನಿಗೂ ಇದನ್ನು ಓದುವಾಗ 2008ರ ಜೂನ್ 10 ನೆನಪಾಗದೆ ಇರುವುದಿಲ್ಲ. ಗೊಬ್ಬರಕ್ಕಾಗಿ ಹಾವೇರಿಯಲ್ಲಿ ಸೇರಿದ್ದ ರೈತರ ಮೇಲೆ ಗೋಲಿಬಾರ್ ಆಗಿ ಜೀವ ಹೋದ ದಿನ ಅದು. ಆಗ ಹೊಸ ಸರ್ಕಾರ ಬಂದು ಎರಡು ವಾರವೂ ಆಗಿರಲಿಲ್ಲ. ಹಾಗಾಗಿ ಸಂದರ್ಶನದ ಮೊದಲ ಪ್ರಶ್ನೆಯೇ ಗೋಲಿಬಾರಿನ ಬಗ್ಗೆ ಬಂತು. ಹಾಳೆಯ ಮೊದಲ ಸಾಲೂ ಅದೇ ಆಯಿತು: ‘ಹಾವೇರಿ ಗೋಲಿಬಾರ್ ಈ ಕಥೆಗೆ ಪ್ರೇರಣೆ.’

ಇದು ಸುಳ್ಳಲ್ಲ. ಆದರೂ ಈ ಸಾಲನ್ನು ನಾನು ಒಪ್ಪುವುದಿಲ್ಲ. ಯಾಕೆಂದು ತಿಳಿಯಲು ರೆಕಾರ್ಡಿಂಗಿಗೇ ಹೋಗಬೇಕು.

ಮಾತುಕತೆ ಒಂದು ಗಂಟೆ ಇಪ್ಪತ್ತು ನಿಮಿಷದ್ದು. ಅದನ್ನು ಅಕ್ಷರಕ್ಕಕ್ಷರ ಬರೆಯಲು ಹೋಗಬೇಡಿ. ಒಂದು ಗಂಟೆಯ ಮಾತನ್ನು ಪೂರ್ತಿ ಇಳಿಸಿದರೆ ಕೈಬರಹದಲ್ಲಿ ಮೂವತ್ತು ನಲವತ್ತು ಪುಟ ಹಿಡಿಯುತ್ತದೆ, ನಿಲ್ಲಿಸಿ ನಿಲ್ಲಿಸಿ ಬರೆಯುವುದಕ್ಕೆ ದಿನವಿಡೀ ಹೋಗುತ್ತದೆ. ಅಷ್ಟು ಬರೆದವನಿಗೆ ಆಮೇಲೆ ಒಂದು ಸಾಲನ್ನೂ ಬಿಡಲು ಮನಸ್ಸು ಬರುವುದಿಲ್ಲ. ಬದಲಿಗೆ ಮೊದಲ ಸಲ ಕೇಳುವಾಗ ಪೆನ್ನು ಕೆಳಗಿಟ್ಟು ಸುಮ್ಮನೆ ಕೇಳಿ. ಎರಡನೆಯ ಸಲ ಕೇಳುವಾಗ ಒಂದು ನೋಟ್‌ಬುಕ್ಕಿನ ಎಡ ಅಂಚಿನಲ್ಲಿ ನಿಮಿಷ ಬರೆಯುತ್ತ, ಎದುರಿಗೆ ಅಲ್ಲಿ ಯಾವ ಮಾತು ನಡೆದಿದೆ ಎಂದು ನಾಲ್ಕೈದು ಪದದಲ್ಲಿ ಗುರುತು ಹಾಕಿ. ‘9 – ಗೋಲಿಬಾರ್’, ‘16 – ಅಜ್ಜಿಯ ಕಥೆಗಳು’, ‘34 – ಪಾಳಿ, ಚಪ್ಪಲಿ’ ಹೀಗೆ. ಲೇಖಕರು ತಡವರಿಸಿದ ಕಡೆ, ನಕ್ಕ ಕಡೆ, ಪ್ರಶ್ನೆಯನ್ನು ತಿರುಗಿಸಿದ ಕಡೆ, ಬಹಳ ಹೊತ್ತು ಸುಮ್ಮನಿದ್ದ ಕಡೆ ಒಂದು ಗೆರೆ ಎಳೆದಿಡಿ. ಹೀಗೆ ಮಾಡಿದರೆ ಎರಡು ಪುಟದಲ್ಲಿ ಇಡೀ ಸಂದರ್ಶನ ಕಣ್ಣಮುಂದೆ ಇರುತ್ತದೆ.

ಈ ಎರಡು ಪುಟ ಮುಂದಿಟ್ಟುಕೊಂಡರೆ ಮೊದಲು ಕಾಣುವುದು, ಮುಖ್ಯವಾದ ಮಾತು ಒಂದೇ ಕಡೆ ಬರುವುದಿಲ್ಲ ಎಂಬುದು. ನಮ್ಮ ಕಥೆಗಾರರು ಈ ಕಥೆ ಹುಟ್ಟಿದ ಬಗೆಯನ್ನು ಮೂರು ಸಲ ಹೇಳಿದ್ದಾರೆ. ಒಂಬತ್ತನೆಯ ನಿಮಿಷದಲ್ಲಿ, ಪ್ರಶ್ನೆ ಕೇಳಿದ ಕೂಡಲೆ: ‘ಹೌದ್ರಿ, ಗೋಲಿಬಾರ್ ಆತಲ್ಲ, ಅದಕ್ಕ ಬರದೆ.’ ಮೂವತ್ತನಾಲ್ಕನೆಯ ನಿಮಿಷದಲ್ಲಿ, ಬೇರೆ ಏನೋ ಮಾತಾಡುತ್ತಿದ್ದಾಗ: ‘ನಾ ಗೋಲಿಬಾರ್ ನೋಡಿಲ್ರಿ. ನಾ ನೋಡಿದ್ದು ಪಾಳಿ. ಮುಂಜಾನೆ ನಾಕಕ್ಕ ಹೋದ್ರ ಮಂದಿ ಇಲ್ಲ, ಬರೇ ಚಪ್ಪಲಿ ಸಾಲಾಗಿ ನಿಂತಾವು.’ ಕೊನೆಗೆ ಒಂದು ಗಂಟೆ ಏಳನೆಯ ನಿಮಿಷದಲ್ಲಿ, ಯಾರೂ ಕೇಳದೆ: ‘ಈಗ ಅನಸ್ತೈತಿ, ಆ ಹೆಣ್ಮಗಳಿಗೆ ಇನ್ನೊಂದೀಟು ಮಾತು ಕೊಡಬೇಕಿತ್ತೇನೋ. ಗೊತ್ತಿಲ್ರಿ. ಕೊಟ್ಟಿದ್ರ ಕಥಿ ಕೆಡತಿತ್ತೋ ಏನೋ.’

ಹಾಳೆ ಬರೆದ ನಮ್ಮ ಗೆಳೆಯರು ಮೊದಲನೆಯದನ್ನು ತೆಗೆದುಕೊಂಡರು. ಅದು ಪ್ರಶ್ನೆಗೆ ನೇರ ಉತ್ತರ, ಚಿಕ್ಕದಾಗಿದೆ, ಸ್ಪಷ್ಟವಾಗಿದೆ. ವೇದಿಕೆಯ ಮೇಲೆ ಕೂತವರ ಮೊದಲ ಉತ್ತರ ಬಹಳ ಸಲ ಹಾಗೇ ಇರುತ್ತದೆ, ಕೇಳಿದವರು ಬಯಸಿದ್ದನ್ನು ಕೊಟ್ಟುಬಿಡುವ ಸೌಜನ್ಯ ಅದು. ಎರಡನೆಯ ಮಾತಿನಲ್ಲಿ ಅವರು ಮೊದಲನೆಯದನ್ನು ತಿದ್ದಿದ್ದಾರೆ. ಮೂರನೆಯದರಲ್ಲಿ ತಮ್ಮ ಕಥೆಯ ಬಗ್ಗೆ ತಮಗೇ ಇರುವ ಅನುಮಾನವನ್ನು ಹೊರಗಿಟ್ಟಿದ್ದಾರೆ. ಮೂರನ್ನೂ ಸೇರಿಸಿ ನಾನಾದರೆ ಹೀಗೆ ಬರೆಯುತ್ತೇನೆ:

‘ಗೋಲಿಬಾರಿನ ನಂತರ ಬರೆದ ಕಥೆ ಎಂದು ಮೊದಲು ಹೇಳಿದರು (9ನೇ ನಿಮಿಷ). ಆದರೆ ತಾವು ಕಣ್ಣಾರೆ ನೋಡಿದ್ದು ಗೋಲಿಬಾರ್ ಅಲ್ಲ, ಬೆಳಗಿನ ಜಾವದ ಪಾಳಿ ಎಂದು ಆಮೇಲೆ ಹೇಳಿದರು; ಮನುಷ್ಯರ ಬದಲು ಚಪ್ಪಲಿಗಳು ಸಾಲಾಗಿದ್ದುದು ಅವರ ನೆನಪಿನಲ್ಲಿ ಉಳಿದಿದೆ (34). ಹೆಣ್ಣುಮಗಳ ಪಾತ್ರಕ್ಕೆ ಇನ್ನಷ್ಟು ಮಾತು ಬೇಕಿತ್ತೋ ಬೇಡವೋ ಎಂಬ ಬಗ್ಗೆ ಅವರಿಗೆ ಇನ್ನೂ ಖಚಿತವಿಲ್ಲ (1:07).’

ಒಂದು ಸಾಲಿನ ಜಾಗದಲ್ಲಿ ಮೂರು ಸಾಲಾಯಿತು, ನಿಜ. ಆದರೆ ಲೇಖಕರ ಮನಸ್ಸು ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದು ಇದರಲ್ಲಿದೆ. ಬ್ಯಾಡಗಿಯಲ್ಲಿ ಕೂತು ಇದನ್ನು ಓದಿದವರಿಗೆ ಕಥೆಯಲ್ಲಿ ಗುಂಡಿನ ಸದ್ದೇ ಇಲ್ಲದಿರುವುದು ಥಟ್ಟನೆ ಹೊಳೆಯುತ್ತದೆ. ‘ಗೋಲಿಬಾರ್ ಈ ಕಥೆಗೆ ಪ್ರೇರಣೆ’ ಎಂದು ಓದಿದವರು ಕಥೆಯಲ್ಲಿ ಇಲ್ಲದ ಗೋಲಿಬಾರನ್ನು ಹುಡುಕುತ್ತ ಕೂರುತ್ತಾರೆ. ಬ್ಯಾಡಗಿಯ ಚರ್ಚೆಯಲ್ಲಿ ಆದದ್ದು ಇದೇ ಎಂದು ಅಲ್ಲಿದ್ದವರು ಹೇಳಿದರು. ಪೂರ್ತಿ ಒಂದು ತಾಸು ಗೊಬ್ಬರ ಪೂರೈಕೆ, ಅಂದಿನ ಸರ್ಕಾರ, ಇಂದಿನ ಸರ್ಕಾರ. ಆ ಮಾತೂ ಬೇಕು, ರೈತರ ಊರಿನಲ್ಲಿ ಅದನ್ನು ಬೇಡ ಎನ್ನಲು ನಾನು ಯಾರು? ಆದರೆ ಅದಕ್ಕೆ ಕಥೆ ಓದಬೇಕಾದ್ದಿರಲಿಲ್ಲ.

ಆವರಣದಲ್ಲಿ ನಿಮಿಷ ಹಾಕುವುದನ್ನು ಬಿಡಬೇಡಿ. ಯಾರಿಗಾದರೂ ಅನುಮಾನ ಬಂದರೆ ಪೂರ್ತಿ ಕೇಳದೆ ಅಲ್ಲಿಗೇ ಹೋಗಿ ಕೇಳಬಹುದು. ಅದಕ್ಕಿಂತ ಮುಖ್ಯವಾಗಿ, ನಿಮಿಷ ಬರೆಯಬೇಕಾದಾಗ ಬರೆಯುವವರು ತಾವೇ ಸೇರಿಸಿದ ಮಾತನ್ನು ಲೇಖಕರ ಬಾಯಿಗೆ ಹಾಕುವುದು ಕಷ್ಟವಾಗುತ್ತದೆ. ನಾನು ನೋಡಿದ ಒಂದು ಹಾಳೆಯಲ್ಲಿ ‘ಶೋಷಿತ ರೈತಮಹಿಳೆಯ ಅಂತರಂಗದ ತಳಮಳವೇ ಕಥೆಯ ಜೀವಾಳ’ ಎಂದು ಲೇಖಕರ ವಿಚಾರವಾಗಿ ಇತ್ತು. ಯಾವ ನಿಮಿಷ ಎಂದು ಕೇಳಿದೆ. ಸಿಗಲಿಲ್ಲ. ಅದು ವಿಮರ್ಶೆಯ ಪುಸ್ತಕಗಳಲ್ಲಿ ಓಡಾಡುವ ವಾಕ್ಯ, ನಮ್ಮ ಕಥೆಗಾರರದಲ್ಲ. ಅವರು ಆಡಿದ್ದು ಚಪ್ಪಲಿಯ ಮಾತು.

ಭಾಷೆಯ ವಿಷಯಕ್ಕೆ ಬರುತ್ತೇನೆ. ಅವರು ಆಡಿದ್ದು ನಮ್ಮ ಕಡೆಯ ಮಾತು, ಹಾಳೆ ಬರೆಯುವುದು ಪುಸ್ತಕದ ಕನ್ನಡದಲ್ಲಿ. ವಿಚಾರವನ್ನು ನಿಮ್ಮ ಮಾತಿನಲ್ಲೇ ಹೇಳಿ, ತೊಂದರೆಯಿಲ್ಲ. ಪ್ರತಿ ವಿಚಾರಕ್ಕೂ ಒಂದು ವಾಕ್ಯವನ್ನು ಮಾತ್ರ ಅವರು ಆಡಿದಂತೆಯೇ ಇಡಿ. ಆ ವಾಕ್ಯವನ್ನು ಆರಿಸುವಾಗ ಅಂದವಾದದ್ದನ್ನು ಹುಡುಕಬೇಡಿ, ಬೇರೆ ಮಾತಿನಲ್ಲಿ ಹೇಳಿದರೆ ಅರ್ಥ ಹೆಚ್ಚುಕಡಿಮೆಯಾಗುವಂಥದ್ದನ್ನು ಆರಿಸಿ. ‘ಕೊಟ್ಟಿದ್ರ ಕಥಿ ಕೆಡತಿತ್ತೋ ಏನೋ’ ಎಂಬುದು ಅಂಥದು. ಅದನ್ನು ‘ಹೆಚ್ಚು ಸಂಭಾಷಣೆ ಕಥೆಯ ಬಂಧಕ್ಕೆ ಹಾನಿಕರ ಎಂದು ಲೇಖಕರು ಅಭಿಪ್ರಾಯಪಟ್ಟರು’ ಎಂದು ಬರೆದ ಕೂಡಲೆ ಅನುಮಾನ ಹೋಗಿ ಸಿದ್ಧಾಂತ ಬಂತು. ಅನಸ್ತೈತಿ, ಇರಬಹುದು, ಗೊತ್ತಿಲ್ಲ ಎಂಬ ಮಾತುಗಳು ಸಾರಾಂಶ ಬರೆಯುವವರಿಗೆ ಜೊಳ್ಳಿನಂತೆ ಕಾಣುತ್ತವೆ, ಮೊದಲು ಅವನ್ನೇ ತೂರುತ್ತಾರೆ. ಚರ್ಚೆಗೆ ಕಾಳು ಇರುವುದು ಅಲ್ಲಿಯೇ.

ಅಚ್ಚಾದ ಸಂದರ್ಶನಗಳನ್ನು ಓದಿ ಓದಿ ನಮಗೆ ಈ ಅಭ್ಯಾಸ ಬಂದಿರಬಹುದು. ‘ಪ್ಯಾರಿಸ್ ರಿವ್ಯೂ’ ಪತ್ರಿಕೆ 1953ರ ತನ್ನ ಮೊದಲ ಸಂಚಿಕೆಯಲ್ಲಿ ಇ.ಎಂ. ಫಾಸ್ಟರ್ ಅವರ ಸಂದರ್ಶನದಿಂದ ಆರಂಭಿಸಿ ಇಂದಿಗೂ ಲೇಖಕರ ಮಾತುಕತೆಗಳಿಗೆ ಹೆಸರಾಗಿದೆ. ಅಲ್ಲಿ ಮಾತನ್ನು ಬರೆಹಕ್ಕೆ ಇಳಿಸಿದ ಮೇಲೆ ಲೇಖಕರೇ ಕೂತು ತಿದ್ದುತ್ತಾರೆ, ಸೇರಿಸುತ್ತಾರೆ, ಬಿಡುತ್ತಾರೆ. ಅದು ಅರ್ಧ ಮಾತು, ಅರ್ಧ ಬರೆಹ. ನಿಮ್ಮ ಕೈಯಲ್ಲಿರುವುದು ಅದಲ್ಲ. ಸೀಲಿಂಗ್ ಫ್ಯಾನಿನ ಸದ್ದಿನ ನಡುವೆ, ಪಕ್ಕದ ರಸ್ತೆಯ ಹಾರ್ನ್ ಕೇಳುತ್ತಿದ್ದಾಗ, ಯೋಚಿಸುತ್ತ ಯೋಚಿಸುತ್ತ ಆಡಿದ ಮಾತು. ಅದನ್ನು ಅಚ್ಚಿನ ಸಂದರ್ಶನದ ಹದಕ್ಕೆ ತರಲು ಹೋದರೆ ತಿದ್ದುವ ಹಕ್ಕು ಲೇಖಕರಿಂದ ನಿಮಗೆ ಬಂದಂತಾಗುತ್ತದೆ.

ಹಾಗೆಂದು ಅವರು ಹೇಳಿದ್ದೆಲ್ಲ ಸರಿ ಎಂದೂ ಅಲ್ಲ. ಈ ಮಾತುಕತೆಯಲ್ಲೇ ಅವರು ಒಂದು ಕಡೆ ‘ಎರಡು ಸಾವಿರದ ಒಂಬತ್ತರಾಗ ಗೋಲಿಬಾರ್ ಆದಾಗ’ ಎಂದಿದ್ದಾರೆ. ನೆನಪಿನಿಂದ ಮಾತಾಡುವವರಿಗೆ ವರ್ಷ ಹಿಂದುಮುಂದಾಗುವುದು ಸಹಜ. ಒಬ್ಬರ ಹಾಳೆಯಲ್ಲಿ 2009 ಎಂದೇ ಬಂತು, ಇನ್ನೊಬ್ಬರು ಉದ್ಧರಣೆಯ ಒಳಗೇ 2008 ಎಂದು ಸದ್ದಿಲ್ಲದೆ ತಿದ್ದಿದರು. ಎರಡೂ ಬೇಡ. ಆಡಿದ ಮಾತನ್ನು ಎತ್ತಿ ಬರೆಯುವುದಾದರೆ ಇದ್ದಂತೆ ಬರೆದು, ಕೆಳಗೆ ‘ಗೋಲಿಬಾರ್ ನಡೆದದ್ದು 2008ರ ಜೂನ್ 10ರಂದು’ ಎಂದು ಹಾಳೆ ಬರೆದವರ ಟಿಪ್ಪಣಿಯಾಗಿ ಸೇರಿಸಿ. ವರ್ಷ ಮುಖ್ಯವಲ್ಲದ ಕಡೆ ಆ ವಾಕ್ಯವನ್ನೇ ಎತ್ತಬೇಡಿ. ಊರು, ಇಸವಿ, ಪುಸ್ತಕದ ಹೆಸರು, ಯಾರು ಸಂಪಾದಕರಾಗಿದ್ದರು ಎಂಬಂಥವನ್ನು ಮಾತ್ರ ಬೇರೆ ಕಡೆ ನೋಡಿ ಖಚಿತಪಡಿಸಿಕೊಳ್ಳಬೇಕು. ಅವರಿಗೆ ಹಾಗನ್ನಿಸಿತು ಎಂಬುದನ್ನು ಖಚಿತಪಡಿಸಲು ಬೇರೆ ಕಡೆ ಹೋಗಬೇಕಿಲ್ಲ.

ಎಷ್ಟು ವಿಚಾರ ಇರಬೇಕು? ಒಂದು ಮಗ್ಗುಲಿಗೆ ನಾಲ್ಕು, ಬಹಳವಾದರೆ ಐದು. ಎಂಬತ್ತು ನಿಮಿಷದಲ್ಲಿ ಹದಿನೈದು ವಿಷಯ ಬಂದುಹೋಗಿರುತ್ತವೆ. ಬಿಡುವುದಕ್ಕೆ ನಾನು ಇಟ್ಟುಕೊಂಡ ಅಳತೆ ಒಂದೇ: ಈ ಮಾತು ತಿಳಿದ ಮೇಲೆ ಓದುಗರು ಪುಸ್ತಕದ ಯಾವುದಾದರೂ ಪುಟಕ್ಕೆ ಮರಳಿ ಹೋಗುತ್ತಾರೆಯೇ? ಅಜ್ಜಿ ಹೇಳುತ್ತಿದ್ದ ಕಥೆಗಳ ಬಗ್ಗೆ ಅವರು ಆಡಿದ ಆರು ನಿಮಿಷ ಬಹಳ ಸೊಗಸಾಗಿದೆ, ಕೇಳಿ ಎಲ್ಲರೂ ನಕ್ಕಿದ್ದೇವೆ. ಆದರೆ ನಾವು ಓದಿದ ಕಥೆಗೆ ಅದರ ನಂಟಿಲ್ಲ. ಅದು ರೆಕಾರ್ಡಿಂಗಿನಲ್ಲೇ ಇರಲಿ, ಹಾಳೆಯ ಕೊನೆಗೆ ‘16ನೇ ನಿಮಿಷದಿಂದ ಅಜ್ಜಿಯ ಮಾತಿದೆ, ಬಿಡುವಾದಾಗ ಕೇಳಿ’ ಎಂದು ಒಂದು ಸಾಲು ಸಾಕು. ಪ್ರಶಸ್ತಿ, ಹುಟ್ಟೂರು, ಮೊದಲ ಕಥೆ ಅಚ್ಚಾದಾಗಿನ ಸಂಭ್ರಮಕ್ಕೂ ಅದೇ ಮಾತು. ‘ಇದು ಬೇಡ, ಬರಿಬ್ಯಾಡ್ರಿ’ ಎಂದು ಅವರು ಹೇಳಿ ಆಡಿದ ಮಾತಂತೂ ನಿಮಿಷದ ಪಟ್ಟಿಗೂ ಬರಬಾರದು, ಹಂಚುವ ಮೊದಲು ಆ ತುಂಡನ್ನು ರೆಕಾರ್ಡಿಂಗಿನಿಂದಲೇ ಕತ್ತರಿಸಿ. ಹಾಳೆಯನ್ನು ಒಮ್ಮೆ ಲೇಖಕರಿಗೆ ಓದಿ ಹೇಳಿದರೆ ಇನ್ನೂ ಒಳ್ಳೆಯದು.

ಇನ್ನು ಪ್ರಶ್ನೆಗಳು. ಇಲ್ಲಿ ನಮ್ಮೆಲ್ಲರ ಕೈ ಹಿಡಿದು ಬರೆಸುತ್ತಿರುವುದು ಶಾಲೆಯ ಪ್ರಶ್ನೆಪತ್ರಿಕೆ. ‘ಈ ಕಥೆಯ ಸಂದೇಶವೇನು?’ ‘ಲೇಖಕರು ಪಾಳಿಯ ಮೂಲಕ ಏನನ್ನು ಹೇಳಲು ಹೊರಟಿದ್ದಾರೆ?’ ‘ರೈತ ಮಹಿಳೆಯ ಸ್ಥಿತಿಗತಿಯನ್ನು ವಿವರಿಸಿ.’ ಬಳಗದಲ್ಲಿ ನಿವೃತ್ತ ಮೇಷ್ಟ್ರು ಇಬ್ಬರಿದ್ದರೆ ಅವರು ಉತ್ತರ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. (ಮೇಷ್ಟ್ರುಗಳು ಕ್ಷಮಿಸಬೇಕು. ನಾನೂ ಆ ಕಸುಬಿನವನೇ.) ಇಂಥ ಪ್ರಶ್ನೆಗೆ ಸಂದರ್ಶನದಲ್ಲೇ ಉತ್ತರ ಸಿಗುತ್ತದೆ, ಹಾಳೆಯ ಮುಂದಿನ ಮಗ್ಗುಲನ್ನು ಓದಿ ಒಪ್ಪಿಸಿದರೆ ಮುಗಿಯಿತು.

ಪ್ರಶ್ನೆ ಹುಟ್ಟಬೇಕಾದ್ದು ಲೇಖಕರ ಮಾತೂ ಕಥೆಯೂ ಪೂರ್ತಿ ಹೊಂದದ ಜಾಗದಲ್ಲಿ. ಪಾಳಿಯ ಕಥೆಯನ್ನೇ ಹಿಡಿಯಿರಿ. ಗೋಲಿಬಾರಿಗೆ ಬರೆದೆ ಎನ್ನುತ್ತಾರೆ, ಆದರೆ ಕಥೆಯಲ್ಲಿ ಪೊಲೀಸ್ ಬರುವುದು ನೀರು ಕೇಳಲು. ಹಾಗಾದರೆ ಮೊದಲ ಪ್ರಶ್ನೆ ಹೀಗಿರಬಹುದು: ‘ಪೊಲೀಸ್ ನೀರು ಕೇಳುವ ಭಾಗವನ್ನು ಗಟ್ಟಿಯಾಗಿ ಓದಿ. ಮುಂದೆ ಏನಾಗಲಿದೆ ಎಂದು ನಮಗೆ ಗೊತ್ತಿದೆ, ಪಾತ್ರಗಳಿಗೆ ಗೊತ್ತಿಲ್ಲ. 2008ರ ಸುದ್ದಿಯೇ ಗೊತ್ತಿಲ್ಲದ ಓದುಗರು ಈ ಭಾಗವನ್ನು ಹೇಗೆ ಓದಿಯಾರು? ನಿಮಗೆ ಆತನ ಮೇಲೆ ಸಿಟ್ಟು ಬಂದಿದ್ದರೆ ಅದು ಕಥೆಯ ಯಾವ ಸಾಲಿನಿಂದ ಬಂತು?’

ಈ ಪ್ರಶ್ನೆಯನ್ನು ಹಾವೇರಿಯಲ್ಲಿ ಕೇಳಿದಾಗ ಒಬ್ಬ ಹಿರಿಯರು, ಆ ದಿನ ಊರಿನಲ್ಲೇ ಇದ್ದವರು, ‘ನನಗ ಮೊದಲನೇ ಸಾಲಿಗೇ ಸಿಟ್ಟು ಬಂತು’ ಎಂದರು. ಆಗ ಹೈಸ್ಕೂಲಿಗೂ ಹೋಗಿರದ ಹುಡುಗಿಯೊಬ್ಬಳು, ‘ನನಗ ಆ ಪೊಲೀಸಪ್ಪ ಪಾಪ ಅನಿಸಿದ, ಅವನೂ ಬಿಸಲಾಗ ನಿಂತಾನ’ ಎಂದಳು. ಇಬ್ಬರೂ ಅದೇ ಪ್ಯಾರಾವನ್ನು ಮತ್ತೆ ಓದಿದರು. ಲೇಖಕರು ಏನು ಹೇಳಿದರು ಎಂಬ ಮಾತು ಇಪ್ಪತ್ತು ನಿಮಿಷ ಯಾರ ಬಾಯಲ್ಲೂ ಬರಲಿಲ್ಲ.

ಎರಡನೆಯ ಪ್ರಶ್ನೆ ಅವರ ಅನುಮಾನದಿಂದ ಹುಟ್ಟುತ್ತದೆ: ‘ಕಥೆಯಲ್ಲಿ ಹೆಣ್ಣುಮಗಳು ಬಾಯಿ ಬಿಟ್ಟು ಆಡುವುದು ನಾಲ್ಕೇ ಮಾತು. ಅವುಗಳನ್ನು ಹುಡುಕಿ. ಐದನೆಯದೊಂದನ್ನು ನೀವು ಸೇರಿಸುವುದಾದರೆ ಎಲ್ಲಿ ಸೇರಿಸುತ್ತೀರಿ, ಏನೆಂದು? ಸೇರಿಸಿದರೆ ಏನು ಕೆಡುತ್ತದೆ?’ ಲೇಖಕರಿಗೇ ಇತ್ಯರ್ಥವಾಗದ ಪ್ರಶ್ನೆಯಾದ್ದರಿಂದ ಇದಕ್ಕೆ ಬಳಗದಲ್ಲಿ ಯಾರೂ ಮೇಷ್ಟ್ರಾಗಲು ಆಗುವುದಿಲ್ಲ. ಲೇಖಕರೇ ‘ಗೊತ್ತಿಲ್ರಿ’ ಎಂದದ್ದು ಹಾಳೆಯಲ್ಲಿ ಉಳಿದಿದ್ದರೆ ಮಾತ್ರ ಈ ಪ್ರಶ್ನೆ ಹುಟ್ಟುತ್ತಿತ್ತು, ನೋಡಿ.

ಬರೆದ ಪ್ರಶ್ನೆ ಗಟ್ಟಿಯೋ ಅಲ್ಲವೋ ತಿಳಿಯಲು, ಸಂದರ್ಶನ ಕೇಳದ ಆದರೆ ಕಥೆ ಓದಿದ ಒಬ್ಬರನ್ನು ಕೇಳಿ ನೋಡಿ. ಅವರು ಉತ್ತರಿಸಲಾಗದಿದ್ದರೆ ಪ್ರಶ್ನೆ ಕಥೆಯ ಬಗ್ಗೆ ಇಲ್ಲ, ಸಂದರ್ಶನದ ಬಗ್ಗೆ ಇದೆ. ‘ಹೌದು’ ಎಂದು ಮುಗಿಸಿಬಿಟ್ಟರೆ ನೀವು ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟಿದ್ದೀರಿ. ಅವರು ‘ಪುಸ್ತಕ ಕೊಡ್ರಿ ಇಲ್ಲಿ’ ಎಂದರೆ ಅದನ್ನು ಹಾಳೆಗೆ ಹಾಕಿ. ಐದಾರು ಪ್ರಶ್ನೆಗಿಂತ ಹೆಚ್ಚು ಬೇಡ. ಹತ್ತು ಹನ್ನೆರಡು ಜನ ಒಂದೂವರೆ ತಾಸು ಕೂತರೆ ಮೂರು ನಾಲ್ಕು ಪ್ರಶ್ನೆ ಮುಗಿಯುವುದೇ ಹೆಚ್ಚು. ಅದಕ್ಕೇ ಗಟ್ಟಿಯಾದದ್ದನ್ನು ಮೊದಲು ಇಡಿ, ಪೀಠಿಕೆಯಂಥ ಪ್ರಶ್ನೆಯಿಂದ ಆರಂಭಿಸಬೇಡಿ.

ಬ್ಯಾಡಗಿಯವರು ಒಂದು ನ್ಯಾಯವಾದ ತಕರಾರು ಎತ್ತಿದ್ದೀರಿ. ಲೇಖಕರು ನಮ್ಮೂರಿಗೆ ಯಾವಾಗಲೂ ಬರುವುದಿಲ್ಲ, ನಾವು ಓದುವುದೆಲ್ಲ ಜಿಲ್ಲೆಯವರನ್ನೇ ಅಲ್ಲ, ಬೇರೆಯವರು ಮಾಡಿದ ಸಂದರ್ಶನ ಮಾತ್ರ ಸಿಕ್ಕಾಗ ಏನು ಮಾಡುವುದು ಎಂದು. ನೀವು ಮುಂದಿನ ತಿಂಗಳಿಗೆ ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’ ಕಥೆಯನ್ನು ಇಟ್ಟುಕೊಂಡಿರುವುದರಿಂದ ಅದನ್ನೇ ತೆಗೆದುಕೊಳ್ಳುತ್ತೇನೆ.

ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ತಂದ ಅವರ ಹನ್ನೆರಡು ಕಥೆಗಳಿಗೆ 2025ರ ಮೇ 20ರಂದು ಅಂತಾರಾಷ್ಟ್ರೀಯ ಬೂಕರ್ ಬಂದ ಮೇಲೆ ಸಂದರ್ಶನಗಳಿಗೇನೂ ಬರವಿಲ್ಲ. ಹತ್ತಾರು ಇವೆ, ಒಂದರಲ್ಲಿದ್ದದ್ದು ಇನ್ನೊಂದರಲ್ಲೂ ಇರುತ್ತದೆ. ಎಲ್ಲವನ್ನೂ ಬೆರೆಸಿ ಹಾಳೆ ಮಾಡಬೇಡಿ, ಒಂದನ್ನೇ ಹಿಡಿಯಿರಿ. ಪ್ರಶಸ್ತಿಯವರೇ ಪ್ರಕಟಿಸಿದ ಸಂದರ್ಶನ ಚಿಕ್ಕದು, ಒಂದು ಹಾಳೆಗೆ ತಕ್ಕದ್ದು. ಅದು ಅಚ್ಚಿಗೆ ಬಂದದ್ದಾದ್ದರಿಂದ ತಡವರಿಕೆ, ಮೌನ ನಿಮಗೆ ಸಿಗುವುದಿಲ್ಲ ಎಂಬುದು ನೆನಪಿರಲಿ. ಗೆರೆ ಎಳೆದಿಡಬೇಕಾದ್ದು ಬೇರೆ ಕಡೆ: ಅವರು ಖಚಿತವಾಗಿ ಹೇಳಿದ ಮಾತುಗಳ ಪಕ್ಕದಲ್ಲಿ.

ಅವರು ಅಲ್ಲಿ ಹೇಳಿದ್ದರಲ್ಲಿ ಮೂರನ್ನು ನೋಡೋಣ. ಧರ್ಮ, ಸಮಾಜ, ರಾಜಕಾರಣ ಇವು ಹೆಣ್ಣಿನಿಂದ ಪ್ರಶ್ನೆಯಿಲ್ಲದ ವಿಧೇಯತೆಯನ್ನು ಬಯಸುತ್ತವೆ, ತಮ್ಮ ಕಥೆಗಳು ಅದರ ಬಗ್ಗೆ ಎಂಬುದು ಒಂದು. ತಾವು ದೊಡ್ಡ ಸಂಶೋಧನೆಯನ್ನೇನೂ ಮಾಡುವುದಿಲ್ಲ, ತಮ್ಮ ಹೃದಯವೇ ಅಧ್ಯಯನದ ಕ್ಷೇತ್ರ, ಸಾಮಾನ್ಯವಾಗಿ ಒಂದು ಕರಡು, ಎರಡನೆಯದೇ ಕೊನೆಯ ಪ್ರತಿ ಎಂಬುದು ಇನ್ನೊಂದು. ಎಪ್ಪತ್ತರ ದಶಕದ ಕರ್ನಾಟಕದ ಚಳವಳಿಗಳು ತಮ್ಮನ್ನು ರೂಪಿಸಿದವು ಎಂಬುದು ಮೂರನೆಯದು.

ಮೂರನೆಯದನ್ನು ಹಾಳೆಗೆ ಇಳಿಸುವಾಗ ‘ಬಂಡಾಯ ಚಳವಳಿಯಿಂದ ಬಂದ ಲೇಖಕಿ’ ಎಂದು ನಿಮ್ಮ ಕೈ ತಾನಾಗಿ ಬರೆದುಬಿಡುತ್ತದೆ. ಅದು ಗೊತ್ತಿರುವ ಹಣೆಪಟ್ಟಿ. ಆದರೆ ಅವರು ಬಂಡಾಯದ ಜೊತೆಗೆ ದಲಿತ ಚಳವಳಿ, ರೈತ ಚಳವಳಿ, ಭಾಷಾ ಚಳವಳಿ, ಮಹಿಳೆಯರ ಹೋರಾಟ, ಪರಿಸರದ ಹೋರಾಟ, ರಂಗಭೂಮಿ ಎಲ್ಲವನ್ನೂ ಹೆಸರಿಸಿದ್ದಾರೆ. ಹಾವೇರಿ ಜಿಲ್ಲೆಯ ಓದುಗರಿಗೆ ಅದರಲ್ಲಿ ರೈತ ಚಳವಳಿ ಇದೆ ಎಂಬುದು ಸಣ್ಣ ಸಂಗತಿಯಲ್ಲ. ಹಾಸನದ ಮುಸ್ಲಿಂ ಹೆಣ್ಣುಮಕ್ಕಳ ಕಥೆಗೂ ರೈತ ಚಳವಳಿಗೂ ಏನು ಸಂಬಂಧ ಎಂಬ ಮಾತು ಅಲ್ಲಿಂದಲೇ ಹೊರಡಬಹುದು. ಅಡಕ ಮಾಡುವಾಗ ಪಟ್ಟಿಯನ್ನು ಒಂದು ಹೆಸರಿಗೆ ಇಳಿಸುವ ಮೊದಲು, ಉಳಿದವು ಹೋದರೆ ನಮ್ಮ ಊರಿನವರಿಗೆ ಏನು ಹೋಗುತ್ತದೆ ಎಂದು ಕೇಳಿಕೊಳ್ಳಿ.

ಮೊದಲನೆಯದು ದೊಡ್ಡ ಮಾತು, ಅದನ್ನು ಒಪ್ಪಿ ತಲೆಯಾಡಿಸಿದರೆ ಚರ್ಚೆ ಮುಗಿದಂತೆಯೇ. ಕಥೆಯ ಪಕ್ಕಕ್ಕೆ ಇಟ್ಟು ನೋಡಿ. ‘ಎದೆಯ ಹಣತೆ’ಯಲ್ಲಿ ಗಂಡ ಬೇರೆ ಹೆಣ್ಣಿನ ಹಿಂದೆ ಹೋದನೆಂದು ಕೈಗೂಸನ್ನು ಎತ್ತಿಕೊಂಡು ತವರಿಗೆ ಬಂದ ಹೆಣ್ಣನ್ನು ಒಡಹುಟ್ಟಿದವರೇ ಗಂಡನ ಮನೆಗೆ ಮರಳಿ ಕರೆದೊಯ್ಯುತ್ತಾರೆ. ರಾತ್ರಿ ಆಕೆ ಸೀಮೆಎಣ್ಣೆ ಸುರಿದುಕೊಂಡಾಗ ತಡೆಯುವವಳು ಹಿರಿಮಗಳು. ಹಾಗಾದರೆ ಪ್ರಶ್ನೆ: ‘ಧರ್ಮ, ಸಮಾಜ, ರಾಜಕಾರಣ ಎಂದು ಲೇಖಕಿ ಹೇಳುತ್ತಾರೆ. ಈ ಕಥೆಯಲ್ಲಿ ಆಕೆಗೆ ಆಜ್ಞೆ ಮಾಡುವವರು ಯಾರು, ಯಾವ ಮಾತಿನಲ್ಲಿ? ಆ ಮಾತುಗಳಲ್ಲಿ ಧರ್ಮದ್ದು ಎಷ್ಟು, ಮನೆತನದ ಮಾನದ್ದು ಎಷ್ಟು? ಇದೇ ಮಾತನ್ನು ನಿಮ್ಮ ಓಣಿಯಲ್ಲಿ ಬೇರೆ ಧರ್ಮದವರ ಮನೆಯಲ್ಲಿ ಕೇಳಿದ್ದೀರಾ?’ ಕೊನೆಯ ತುಂಡನ್ನು ಬಿಡಬೇಡಿ. ಅದಿಲ್ಲದಿದ್ದರೆ ಚರ್ಚೆ ‘ಅವರ ಸಮುದಾಯದಲ್ಲಿ ಹೀಗಂತೆ’ ಎಂಬ ಕಡೆ ಜಾರುತ್ತದೆ, ಮತ್ತು ಬಳಗದಲ್ಲಿರುವ ಮುಸ್ಲಿಂ ಗೆಳೆಯರು ಎಲ್ಲರ ಪರವಾಗಿ ಉತ್ತರ ಕೊಡಬೇಕಾಗುತ್ತದೆ.

ಎರಡನೆಯ ಮಾತಿನಿಂದ ಇನ್ನೊಂದು ಪ್ರಶ್ನೆ ಬರುತ್ತದೆ. ಬಾನು ಮುಷ್ತಾಕ್ ವಕೀಲರು, ‘ಲಂಕೇಶ್ ಪತ್ರಿಕೆ’ಗೆ ವರದಿ ಮಾಡಿದವರು. ಹೃದಯವೇ ಸಾಕು ಎಂದು ಹೇಳುವವರ ಕಥೆಯಲ್ಲಿ ವರದಿಗಾರ್ತಿಯ ಕಣ್ಣು ಕಾಣುವ ಜಾಗ ಯಾವುದು? ವಕೀಲರ ಕಿವಿ ಕೇಳಿಸಿಕೊಂಡಿರಬಹುದಾದ ಸಂಭಾಷಣೆ ಯಾವುದು? ಒಂದೇ ಕರಡಿನಲ್ಲಿ ಬಂದದ್ದು ಎನಿಸುವ ಭಾಗ, ಹಾಗೆ ಬಂದಿರಲಿಕ್ಕಿಲ್ಲ ಎನಿಸುವ ಭಾಗ ಒಂದೊಂದನ್ನು ತೋರಿಸಿ ಎಂದರೆ ಪುಟ ತಿರುಗಿಸದೆ ಉತ್ತರಿಸಲಾಗದು. ನೀವು ಕನ್ನಡದಲ್ಲೇ ಓದುತ್ತಿರುವುದು ಇಲ್ಲಿ ನಿಮಗೆ ಅನುಕೂಲ, ವಾಕ್ಯದ ಓಟವನ್ನು ನೀವು ಮೂಲದಲ್ಲೇ ಕೇಳುತ್ತೀರಿ.

‘ಇದು ನಿಮ್ಮದೇ ಬದುಕೇ?’ ಎಂಬ ಪ್ರಶ್ನೆ ಬೇರೆ ಬೇರೆ ಸಂದರ್ಶನಗಳಲ್ಲಿ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಉತ್ತರ ಏನೇ ಇರಲಿ, ಅದನ್ನು ಹಾಳೆಗೆ ತರಬೇಡಿ ಎಂದು ನನ್ನ ಸಲಹೆ. ಒಮ್ಮೆ ಅದು ಬಂದರೆ ಬಳಗ ಕಥೆಯ ಹೆಣ್ಣನ್ನು ಬಿಟ್ಟು ಬರೆದವರ ಮನೆಯ ಬಾಗಿಲು ತಟ್ಟಲು ಹೋಗುತ್ತದೆ. ಆ ಹಿರಿಮಗಳು ತಾಯಿಗೆ ಹೇಳಿದ್ದೇನು, ಆ ಮಾತಿನಿಂದ ತಾಯಿ ನಿಂತದ್ದೇಕೆ ಎಂದು ಕೇಳಲು ಯಾರಿಗೂ ಹೊತ್ತು ಉಳಿಯುವುದಿಲ್ಲ.

ಮುಂದಿನ ಹಾಳೆಗೆ ಒಂದು ವ್ಯವಸ್ಥೆ ಮಾಡಿಕೊಳ್ಳೋಣವೆ? ಗುರುತಿನ ಪಟ್ಟಿಯನ್ನು ಒಂದೂರಿನವರು ಮಾಡಲಿ, ವಿಚಾರಗಳನ್ನು ಇನ್ನೊಂದೂರಿನವರು ಬರೆಯಲಿ, ಪ್ರಶ್ನೆಗಳನ್ನು ಸಂದರ್ಶನ ನೋಡಿರದ ಮೂರನೆಯ ಊರಿನ ಒಬ್ಬರ ಮುಂದೆ ಇಟ್ಟು ನೋಡೋಣ. ‘ಎದೆಯ ಹಣತೆ’ಗೆ ಪಟ್ಟಿಯ ಕೆಲಸವನ್ನು ರಾಣೆಬೆನ್ನೂರಿನ ಅಕ್ಕಂದಿರು ಒಪ್ಪಿಕೊಂಡಿದ್ದಾರೆ. ಹಾವೇರಿಯವರು ವಿಚಾರಗಳನ್ನು ನಾಲ್ಕಕ್ಕೆ ಇಳಿಸಿ ಕಳಿಸಬೇಕು, ಐದನೆಯದು ಬಂದರೆ ಯಾವುದನ್ನು ಬಿಡಬೇಕೆಂದು ಅವರೇ ತೀರ್ಮಾನಿಸಲಿ. ಬ್ಯಾಡಗಿಯವರು ಕಥೆಯನ್ನು ಮಾತ್ರ ಓದಿಕೊಂಡು ಬನ್ನಿ, ಸಂದರ್ಶನವನ್ನು ದಯವಿಟ್ಟು ಈಗಲೇ ಓದಬೇಡಿ. ಪಾಳಿಯ ಕಥೆಯ ಹಳೆಯ ಹಾಳೆ ಯಾರ ಹತ್ತಿರವಾದರೂ ಇದ್ದರೆ ಮೊದಲ ಸಾಲನ್ನು ಪೆನ್ನಿನಲ್ಲಿ ಹೊಡೆದು, ಮೇಲೆ ಬರೆದ ಮೂರು ಸಾಲನ್ನು ಅಂಚಿನಲ್ಲಿ ಸೇರಿಸಿಕೊಳ್ಳಿ.

ನಿಮ್ಮ,
ಬಳಗದ ಹಳೆಯ ಮೇಷ್ಟ್ರು